ರೂಟರ್‌ನಲ್ಲಿ ಫಿಲ್ಟರ್ ಡಿಎನ್‌ಎಸ್ ಹಾಕಿದರೂ ಸೈಟ್ ತೆರೆಯುತ್ತಿದ್ದರೆ

"ರೂಟರ್‌ನಲ್ಲಿ 1.1.1.3 ಹಾಕಿದ್ದೇನೆ. ಆದರೂ ಲ್ಯಾಪ್‌ಟಾಪಲ್ಲಿ ವಯಸ್ಕರ ಸೈಟ್‌ಗಳು ಕೆಲವೊಮ್ಮೆ ತೆರೆಯುತ್ತವೆ, ಯಾಕೆ?"

ನೀವು ಹೇಳಿದ "ಕೆಲವೊಮ್ಮೆ" ಅನ್ನೋದೇ ಸುಳಿವು. ಎರಡನೇ ಡಿಎನ್‌ಎಸ್ ಜಾಗದಲ್ಲಿ ಫಿಲ್ಟರ್ ಇಲ್ಲದ 8.8.8.8 ಇದೆಯಾ ನೋಡಿ. ಅದು ಬರೀ ಆಪತ್ತಿಗೆ ಇರೋದಲ್ಲ, ಎರಡರಲ್ಲಿ ಯಾವುದನ್ನು ಬೇಕಾದರೂ ಕೇಳುವ ರೂಟರ್‌ಗಳಿವೆ. ಅಲ್ಲಿ 1.1.1.3ರ ಜೋಡಿಯಾದ 1.0.0.3 ಹಾಕಿ.

ಅದು ಸರಿಯಿದ್ದರೆ ತೂತು ಐಪಿವಿ6 ಕಡೆ ಇರಬಹುದು. ಅಲ್ಲಿ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಹಾಗೇ ಉಳಿದಿರಬಹುದು. ಅದರ ಜಾಗಕ್ಕೆ ಇವೆರಡು:

```
2606:4700:4700::1113
2606:4700:4700::1003
```

ಸೇವ್ ಮಾಡಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಆನ್ ಮಾಡಿ. ಇಲ್ಲದಿದ್ದರೆ ಹಳೇ ಡಿಎನ್‌ಎಸ್ಸೇ ಉಳಿದಿರಬಹುದು. ಆಮೇಲೆ ಪರೀಕ್ಷೆ:

```
nslookup nudity.testcategory.com
```

ಉತ್ತರ 0.0.0.0 ಬಂದರೆ ಫಿಲ್ಟರ್ ಕೆಲಸ ಮಾಡುತ್ತಿದೆ. ಆಗಲೂ ಬ್ರೌಸರಲ್ಲಿ ಸೈಟ್ ತೆರೆದರೆ ಬ್ರೌಸರಿನ "ಸೆಕ್ಯೂರ್ ಡಿಎನ್‌ಎಸ್" ಆಫ್ ಮಾಡಿ. ಅದು ರೂಟರನ್ನು ಕೇಳೋದೇ ಇಲ್ಲ.