ಹಳದಿ ಎದ್ದು ಕಾಣಬೇಕಾದರೆ ಮೊದಲು ಬಿಳಿ ಬಳಿಯಿರಿ

ಪ್ರಶ್ನೆ: ಒಂದೂವರೆ ವರ್ಷದ ಮಗಳಿಗೆ ಐದು ಉಂಗುರ ಪೋಣಿಸುವ ಮರದ ಆಟಿಕೆ ಮಾಡಿಸಿದ್ದೇನೆ, ಬಣ್ಣ ಹಚ್ಚಿಲ್ಲ. ಹಳದಿ, ಕೆಂಪು, ಹಸಿರು ಢಾಳಾಗಿ ಕಾಣಬೇಕು. ಅವಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಫುಡ್ ಕಲರ್ ಹಚ್ಚಲೇ, ನಾನ್ ಟಾಕ್ಸಿಕ್ ಎಂದು ಬರೆದಿರುವ ಆಕ್ರಿಲಿಕ್ ತರಲೇ?

ಉತ್ತರ: ಫುಡ್ ಕಲರ್ ಬೇಡ. ಈ ಸಲಹೆ ಎಲ್ಲಿಂದ ಹಬ್ಬಿತೋ ಗೊತ್ತಿಲ್ಲ, ಪ್ರತಿ ತಿಂಗಳೂ ಯಾರಾದರೂ ಕೇಳುತ್ತಾರೆ. ತಿನ್ನುವ ಬಣ್ಣ ನೀರಿನಲ್ಲಿ ಕರಗಲೆಂದೇ ಮಾಡಿದ್ದು. ಮರಕ್ಕೆ ಹಚ್ಚಿದರೂ ಅದು ಕರಗುವ ಗುಣ ಬಿಡುವುದಿಲ್ಲ. ಜೊಲ್ಲು ತಾಗಿದ ಕೂಡಲೇ ಬಿಡುತ್ತದೆ, ಮಗುವಿನ ತುಟಿ, ಬಟ್ಟೆ, ಚಾಪೆ ಎಲ್ಲಕ್ಕೂ ಹತ್ತುತ್ತದೆ, ಕಿಟಕಿಯ ಬಿಸಿಲಿಗೆ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಆಟಿಕೆಯ ಬಣ್ಣ ಯಾವುದರಲ್ಲೂ ಕರಗದ ಪುಡಿಯಾಗಿರಬೇಕು, ಆ ಪುಡಿಯನ್ನು ಮರಕ್ಕೆ ಕಚ್ಚಿ ಹಿಡಿದಿಡುವ ಅಂಟು ಗಟ್ಟಿಯಾಗಿರಬೇಕು. ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ನಾನ್ ಟಾಕ್ಸಿಕ್ ಎಂಬ ಮಾತನ್ನೂ ನೆಚ್ಚಬೇಡಿ. ಚಿತ್ರಕಾರರ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ASTM D-4236 ಎಂದಿರುತ್ತದೆ. ದೀರ್ಘಕಾಲದ ಅಪಾಯವಿದ್ದರೆ ಅದನ್ನು ನಿಯಮದಂತೆ ಲೇಬಲ್ಲಿನಲ್ಲಿ ತಿಳಿಸಲಾಗಿದೆ ಎಂಬುದಷ್ಟೇ ಅದರ ಅರ್ಥ. ಬ್ರಷ್ ಹಿಡಿದು ಚಿತ್ರ ಬರೆಯುವವರನ್ನು ನೆನೆದು ಬರೆದ ಮಾತು ಅದು, ಒಣಗಿದ ಬಣ್ಣವನ್ನು ಹಲ್ಲಿನಿಂದ ಕೆರೆಯುವ ಮಗುವನ್ನಲ್ಲ. ನೀವು ಹುಡುಕಬೇಕಾದದ್ದು ಯುರೋಪಿನ ಆಟಿಕೆ ಮಾನದಂಡ EN 71-3 ಅಥವಾ ನಮ್ಮ ದೇಶದ ಆಟಿಕೆ ಮಾನದಂಡ IS 9873 ಭಾಗ 3. ಅಲ್ಲಿನ ಪರೀಕ್ಷೆ ಮಗು ನುಂಗುವುದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ: ಕೆರೆದ ಬಣ್ಣವನ್ನು ಹೊಟ್ಟೆಯ ಆಮ್ಲದಂಥ ದ್ರಾವಣದಲ್ಲಿ, ಮೈಯ ಬಿಸಿಯಾದ 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಸೀಸ, ಕ್ಯಾಡ್ಮಿಯಂ, ಪಾದರಸದಂಥವು ಎಷ್ಟು ಹೊರಬಂದವು ಎಂದು ಅಳೆಯುತ್ತಾರೆ. ಈ ಗುರುತಿರುವ, ನೀರಿನಲ್ಲಿ ಕಲಸುವ ಬಣ್ಣವೇ ನಿಮ್ಮ ಮೊದಲ ಆಯ್ಕೆಯಾಗಲಿ.

ಈಗ ಢಾಳು ಬಣ್ಣದ ವಿಷಯ. ಅಪಾಯ ಹೆಚ್ಚಾಗಿ ಇರುವುದು ಹಳದಿ, ಕಿತ್ತಳೆ, ಕೆಂಪಿನಲ್ಲಿ. ಕಾರಣ ಸರಳ. ಕ್ರೋಮ್ ಯೆಲ್ಲೋ ಎನ್ನುವುದು ಸೀಸದ ಕ್ರೋಮೇಟ್. ಅಗ್ಗ, ಬಿಸಿಲಿಗೆ ಬೇಗ ಮಾಸುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಕೈಯಲ್ಲಿ ಅಡಿಯ ಮರ ಮುಚ್ಚಿಹೋಗುತ್ತದೆ. ಅದಕ್ಕೇ ಗೇಟು, ಯಂತ್ರ, ರಸ್ತೆಯ ಪಟ್ಟಿಗೆ ಅದನ್ನು ಬಳಸುತ್ತಾ ಬಂದರು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ಮೀರಬಾರದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಆ ನಿಯಮ ಕೈಗಾರಿಕಾ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಡಬ್ಬವೂ ಒಂದೇ ಕಪಾಟಿನಲ್ಲಿರುತ್ತವೆ. ಅಟ್ಟದ ಮೇಲೆ ಉಳಿದ ಹಳೆಯ ಎನಾಮಲ್ ಡಬ್ಬವನ್ನಂತೂ ಮುಟ್ಟಲೇಬೇಡಿ. "ಒಂದೇ ಕೋಟಿಗೆ ಮುಚ್ಚುತ್ತೆ ಸಾರ್" ಎಂದು ಅಂಗಡಿಯವರು ಹಳದಿಯ ಬಗ್ಗೆ ಹೇಳಿದರೆ ನನಗೆ ಅನುಮಾನವೇ ಬರುತ್ತದೆ.

ಟ್ಯೂಬ್ ಕೊಳ್ಳುವುದಾದರೆ ಬಣ್ಣದ ಹೆಸರು ನೋಡಬೇಡಿ, ಹಿಂಭಾಗದಲ್ಲಿರುವ ಬಣ್ಣದ ಪುಡಿಯ ಸಂಕೇತ ಓದಿ. PY34, PR104 ಇದ್ದರೆ ಸೀಸ. PY35, PR108 ಇದ್ದರೆ ಕ್ಯಾಡ್ಮಿಯಂ. PG15 ಎಂಬ ಕ್ರೋಮ್ ಗ್ರೀನ್‌ನಲ್ಲೂ ಅದೇ ಸೀಸದ ಹಳದಿ ಬೆರೆತಿರುತ್ತದೆ. ಹಳದಿಗೆ PY74 ಅಥವಾ PY110, ಕೆಂಪಿಗೆ PR254, ನೀಲಿಗೆ PB15, ಹಸಿರಿಗೆ PG7, ಬಿಳಿಗೆ PW6 ಸಾಕು. "ಕ್ಯಾಡ್ಮಿಯಂ ಯೆಲ್ಲೋ ಹ್ಯೂ" ಎಂದಿದ್ದರೆ ಹೆದರಬೇಕಿಲ್ಲ. ಹ್ಯೂ ಎಂದರೆ ಆ ಛಾಯೆಯನ್ನು ಬೇರೆ ಪುಡಿಯಿಂದ ತಂದಿದ್ದಾರೆ ಎಂದು. ಆದರೂ ಸಂಕೇತ ಓದಿಯೇ ತೀರ್ಮಾನಿಸಿ. ಸಂಕೇತವೂ ಇಲ್ಲ, ಆಟಿಕೆಯ ಮಾನದಂಡದ ಗುರುತೂ ಇಲ್ಲ ಎಂದರೆ ಅದು ನಿಮ್ಮ ಮನೆಗೆ ಬರುವುದು ಬೇಡ.

PY74 ತಂದು ಬಳಿದವರೆಲ್ಲ ದೂರುವುದು ಒಂದೇ: "ಹಳದಿ ಮಂಕಾಗಿದೆ, ಮರದ ಕಂದು ಕಾಣುತ್ತಿದೆ." ಕಾಣಲೇಬೇಕು. ಸೀಸವಿಲ್ಲದ ಈ ಹಳದಿ ಅರೆಪಾರದರ್ಶಕ, ಬೆಳಕು ಅದನ್ನು ದಾಟಿ ಅಡಿಯ ಮರಕ್ಕೆ ತಾಗಿ ವಾಪಸ್ಸು ಬರುತ್ತದೆ. ಮರ ಕಂದಾಗಿದ್ದರೆ ಹಳದಿಯೂ ಕೊಳಕು. ಜನ ಆಗ ಮತ್ತಷ್ಟು ದಪ್ಪ ಬಳಿಯುತ್ತಾರೆ, ಇಲ್ಲವೇ ಮತ್ತೆ ಎನಾಮಲ್‌ಗೆ ಹೋಗುತ್ತಾರೆ. ಎರಡೂ ತಪ್ಪು. ಅಡಿಗೆ ಟೈಟಾನಿಯಂ ಬಿಳಿ ಕೊಡಿ. ಬಿಳಿಯ ಮೇಲೆ ಅದೇ ಹಳದಿ, ಮೂರು ತೆಳು ಕೈ ಸಾಕು, ನಿಂಬೆಹಣ್ಣಿನಂತೆ ಬೆಳಗುತ್ತದೆ.

ನಿಮ್ಮ ಉಂಗುರಗಳನ್ನೇ ತೆಗೆದುಕೊಳ್ಳೋಣ. 180 ನಂಬರ್ ಉಪ್ಪುಕಾಗದದಲ್ಲಿ ತಿಕ್ಕಿ, ಅಂಚುಗಳನ್ನು ಬೆರಳಿಗೆ ಗುಂಡಗೆ ಹತ್ತುವಷ್ಟು ಉರುಟು ಮಾಡಿ. ಚೂಪು ಅಂಚಿನ ಮೇಲೆ ಬಣ್ಣ ತೆಳುವಾಗಿ ನಿಲ್ಲುತ್ತದೆ, ಹಲ್ಲು ಮೊದಲು ತಾಗುವುದೂ ಅಲ್ಲಿಗೇ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ, ಮರದ ನಾರು ಎದ್ದು ತರಿತರಿಯಾಗುತ್ತದೆ. ಈಗ 240ರಲ್ಲಿ ಹಗುರವಾಗಿ ತಿಕ್ಕಿದರೆ ಆ ತರಿ ಮತ್ತೆ ಏಳುವುದಿಲ್ಲ. ಬಿಳಿಯನ್ನು ಎರಡು ತೆಳು ಕೈ ಬಳಿಯಿರಿ, ನಡುವೆ ಎರಡು ಗಂಟೆ ಬಿಡುವು. ಹತ್ತು ಪಾಲು ಬಣ್ಣಕ್ಕೆ ಒಂದು ಪಾಲಿಗಿಂತ ಹೆಚ್ಚು ನೀರು ಬೆರೆಸಬೇಡಿ. ನೀರು ಜಾಸ್ತಿಯಾದರೆ ಅಂಟು ತೆಳುವಾಗಿ ಬಣ್ಣ ಸೀಮೆಸುಣ್ಣದಂತೆ ಕೈಗೆ ಹತ್ತುತ್ತದೆ. ಆಮೇಲೆ ಬಣ್ಣ ಮೂರು ಕೈ, ಕೊನೆಗೆ ಅದೇ ಮಾನದಂಡದ ಗುರುತಿರುವ ಪಾರದರ್ಶಕ ವಾರ್ನಿಶ್ ಎರಡು ಕೈ. ಅಂಗೈಯಲ್ಲಿ ಹಿಡಿಸುವ ಐದು ಉಂಗುರಕ್ಕೆ 20 ಮಿಲಿಯ ಟ್ಯೂಬ್ ಬಣ್ಣಕ್ಕೊಂದರಂತೆ ತಂದರೆ ಮಿಗುತ್ತದೆ. ದಪ್ಪ ಪದರ ಕಂಡರೆ ಹೆದರಿ. ಅದು ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ, ಆಮೇಲೆ ಸೀಳಿ ಚಕ್ಕೆಯಾಗಿ ಏಳುತ್ತದೆ. ಮಗುವಿನ ಹೊಟ್ಟೆ ಸೇರುವುದು ಆ ಚಕ್ಕೆಯೇ.

ಮುಟ್ಟಿದರೆ ಒಣಗಿದೆ ಎನಿಸುತ್ತದೆಂದು ಮಗುವಿನ ಕೈಗೆ ಕೊಡಬೇಡಿ. ಮೂರು ವಾರ ಗಾಳಿಯಾಡುವ ಕಡೆ ಇಡಿ. ನಂತರ ಒಂದು ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಬೆಳಿಗ್ಗೆ ಬಿಚ್ಚಿ ಮೂಸಿ. ಬಣ್ಣದ ವಾಸನೆ ಬಂದರೆ ಇನ್ನೂ ಒಂದು ವಾರ.

ಉಂಗುರದ ಜೊತೆಗೆ ಅದೇ ಮರದ ತುಂಡೊಂದಕ್ಕೂ ಇದೇ ಕ್ರಮದಲ್ಲಿ ಬಳಿದಿಟ್ಟಿರಿ. ಮೂರು ವಾರದ ನಂತರ, ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಬಿಳಿ ಹತ್ತಿಬಟ್ಟೆ ನೆನೆಸಿ, ತುಂಡಿಗೆ ಬಿಗಿಯಾಗಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಬೆಚ್ಚಗಿನ ಜಾಗದಲ್ಲಿ ಎರಡು ಗಂಟೆ ಬಿಡಿ. ಬಟ್ಟೆಗೆ ಬಣ್ಣ ಹತ್ತಿದ್ದರೆ ಆ ಬಣ್ಣ ಆಟಿಕೆಗೆ ಆಗದು. ಇನ್ನೊಂದು ಮುಖದಲ್ಲಿ ಬ್ಲೇಡಿನಿಂದ ಎರಡು ಮಿಲಿಮೀಟರ್ ಅಂತರದಲ್ಲಿ ಅಡ್ಡ, ಉದ್ದ ಗೀರಿ, ಗಮ್‌ಟೇಪ್ ಒತ್ತಿ ಸರಕ್ಕನೆ ಕೀಳಿ. ಟೇಪಿಗೆ ಚೌಕಗಳು ಎದ್ದು ಬಂದರೆ ಪದರ ಮರಕ್ಕೆ ಹಿಡಿದಿಲ್ಲ, ಪೂರ್ತಿ ಕೆರೆದು ಮತ್ತೆ ಮಾಡಿ. ಈ ಎರಡು ಪರೀಕ್ಷೆ ಬಣ್ಣ ಬಿಡುತ್ತದೆಯೇ ಎಂಬುದನ್ನಷ್ಟೇ ಹೇಳುತ್ತವೆ. ಸೀಸ ಇದೆಯೇ ಎಂದು ಅವು ಹೇಳಲಾರವು, ಅದು ಲ್ಯಾಬಿನ ಕೆಲಸ.

ನನ್ನನ್ನು ಕೇಳಿದರೆ ಉಂಗುರದ ಹೊರಮೈಗೆ ಮಾತ್ರ ಪಟ್ಟಿಯಂತೆ ಬಣ್ಣ ಕೊಟ್ಟು, ಬಾಯಿಗೆ ಸಿಗುವ ಅಂಚನ್ನು ಬರೀ ಮರವಾಗಿಯೇ ಬಿಡಿ ಎನ್ನುತ್ತೇನೆ. ಹಲ್ಲು ಬರುವಾಗ ಕಚ್ಚಲು ಕೊಡುವ ಆಟಿಕೆಗಂತೂ ಯಾವ ಬಣ್ಣವೂ ಬೇಡ.

ಪ್ರಶ್ನೆ: ಅರಿಸಿನ, ಕುಂಕುಮ, ಬೀಟ್‌ರೂಟ್‌ನಿಂದ ಮನೆಯಲ್ಲೇ ನೈಸರ್ಗಿಕ ಬಣ್ಣ ಮಾಡಿದರೆ ಯಾವ ಅಪಾಯವೂ ಇಲ್ಲ ಅಲ್ಲವೇ?

ಉತ್ತರ: ನೈಸರ್ಗಿಕ ಎಂದ ಮಾತ್ರಕ್ಕೆ ನಿರಪಾಯ ಎಂದುಕೊಳ್ಳುವುದನ್ನು ದಯವಿಟ್ಟು ಬಿಡಿ. ಹರಿತಾಳ ನೆಲದಿಂದಲೇ ಸಿಗುವ ಚೆಂದದ ಹಳದಿ, ಅದು ಆರ್ಸೆನಿಕ್. ಇಂಗಳೀಕ ನೆಲದಿಂದಲೇ ಸಿಗುವ ಕೆಂಪು, ಅದು ಪಾದರಸ. ಅಂಗಡಿಯ ಸಿಂಧೂರದಲ್ಲಿ ಸೀಸದ ಕೆಂಪು ಇರಬಹುದು, ಅಂಗಡಿಯ ಕುಂಕುಮದಲ್ಲಿ ಯಾವ ಬಣ್ಣ ಬೆರೆಸಿದ್ದಾರೆಂದು ಪೊಟ್ಟಣ ನೋಡಿ ತಿಳಿಯುವಂತಿಲ್ಲ. ಬಿಡಿಯಾಗಿ ಮಾರುವ ಅರಿಸಿನಕ್ಕೆ ಸೀಸದ ಕ್ರೋಮೇಟ್ ಬೆರೆಸಿದ್ದು ಬಾಂಗ್ಲಾದೇಶದಲ್ಲೂ ಪಟ್ನಾದಲ್ಲೂ ಪತ್ತೆಯಾಗಿದೆ. ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿದರೆ ಆ ಭಯವಿಲ್ಲ, ಆದರೆ ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ಬೀಟ್‌ರೂಟ್ ಕೆಲವೇ ದಿನಗಳಲ್ಲಿ ಕಂದಾಗುತ್ತದೆ. ಚನ್ನಪಟ್ಟಣದಲ್ಲಿ ಅರಿಸಿನ, ನೀಲಿಯಂಥ ಸಸ್ಯಬಣ್ಣ ನಿಲ್ಲುವುದು ಅವರು ಅದನ್ನು ಬಿಸಿ ಅರಗಿನೊಳಗೆ ನಾದಿ ಕಡ್ಡಿ ಮಾಡಿ, ತಿರುಗುವ ಮರಕ್ಕೆ ಒತ್ತಿ ಕರಗಿಸುವುದರಿಂದ. ಬ್ರಷ್ ಹಿಡಿದು ಅದೇ ಫಲ ಬರುವುದಿಲ್ಲ.

ಪ್ರಶ್ನೆ: ಅರಗಿನ ಬಣ್ಣದ ಗಿಲಕಿಯನ್ನು ದಿನಾ ಸ್ಯಾನಿಟೈಸರ್‌ನಲ್ಲಿ ಒರೆಸುತ್ತೇನೆ, ಈಗ ಅಂಟಂಟಾಗಿದೆ. ಬಣ್ಣ ನಕಲಿಯೇ?

ಉತ್ತರ: ಅಲ್ಲ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ಸೋಪುನೀರಿನಲ್ಲಿ ನೆನೆಹಾಕಬೇಡಿ.

ಪ್ರಶ್ನೆ: ಅಜ್ಜನ ಕಾಲದ ಬಣ್ಣದ ಕುದುರೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಬಣ್ಣ ಹಚ್ಚಿ ಮೊಮ್ಮಗನಿಗೆ ಕೊಡಬಹುದೇ?

ಉತ್ತರ: ಬೇಡ. ಹಳೆ ಬಣ್ಣ ಉಜ್ಜಿದರೆ ಏಳುವ ಧೂಳಿನಲ್ಲೇ ಸೀಸ ಇಡೀ ಮನೆಗೆ ಹರಡುತ್ತದೆ, ಕುದುರೆ ಗಾಜಿನ ಬೀರುವಿನಲ್ಲಿರಲಿ.

ಪ್ರಶ್ನೆ: ಎರಡು ವರ್ಷದ ಮಗ ಸಂತೆಯಲ್ಲಿ ತಂದ ಆಟಿಕೆಯ ಹಳದಿ ಬಣ್ಣವನ್ನು ವಾರಗಟ್ಟಲೆ ಕಚ್ಚಿ ತಿಂದಿದ್ದಾನೆ. ಸೀಸ ಹೊರಹಾಕುವ ಡಿಟಾಕ್ಸ್ ಪುಡಿ ಇದೆ ಎನ್ನುತ್ತಾರೆ, ಕೊಡಲೇ?

ಉತ್ತರ: ಕೊಡಬೇಡಿ. ಮಾರುತ್ತಿರುವವರು ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಯೇ ಇಲ್ಲ. ಅಂಥ ಪುಡಿಗಳಲ್ಲೇ ಸೀಸ, ಪಾದರಸ ಸಿಕ್ಕ ಉದಾಹರಣೆಗಳಿವೆ. ಇಂದೇ ಆಟಿಕೆ ತೆಗೆದು ಜಿಪ್ ಚೀಲದಲ್ಲಿ ಹಾಕಿ, ನೆಲದ ಚಕ್ಕೆಗಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಕ್ಕಳ ವೈದ್ಯರ ಬಳಿ ಹೋಗಿ ರಕ್ತದ ಸೀಸದ ಪರೀಕ್ಷೆ ಮಾಡಿಸಿ, ಬೆರಳ ತುದಿಯ ಹನಿಯಲ್ಲಿ ಹೆಚ್ಚು ಬಂದರೆ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಮತ್ತೊಮ್ಮೆ ನೋಡಬೇಕು, ಏಕೆಂದರೆ ಬೆರಳಿಗೆ ಮೆತ್ತಿದ ಧೂಳೂ ಅಂಕಿ ಏರಿಸುತ್ತದೆ. ಕಬ್ಬಿಣಾಂಶವನ್ನೂ ನೋಡಲು ಹೇಳಿ, ಅದು ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ಸೀಸ ಇಳಿಸುವ ಔಷಧ ತೀರಾ ಹೆಚ್ಚಿದ್ದಾಗ ಆಸ್ಪತ್ರೆಯಲ್ಲಿ ಕೊಡುವಂಥದ್ದು. ಚೀಲದಲ್ಲಿಟ್ಟ ಆಟಿಕೆ ಎಸೆಯಬೇಡಿ, ಲ್ಯಾಬಿನಲ್ಲಿ ಬಣ್ಣ ಪರೀಕ್ಷಿಸಲು ಅದು ಬೇಕಾಗುತ್ತದೆ.