ಮ್ಯಾನೇಜರ್‌ಗೆ ಬಿಸಿಸಿ ಹಾಕಬಹುದಾ?

ಪ್ರಶ್ನೆ: ಟೀಮಿನಲ್ಲಿ ಒಬ್ಬರು ಮಾಡಿದ ತಪ್ಪಿನ ಬಗ್ಗೆ ಅವರಿಗೆ ಮೇಲ್ ಬರೆಯಬೇಕು. ಮ್ಯಾನೇಜರ್‌ಗೂ ಗೊತ್ತಿರಲಿ ಅಂತ ಬಿಸಿಸಿ ಹಾಕಲಾ, ಸಿಸಿ ಹಾಕಲಾ?

ಬಿಸಿಸಿ ಮಾತ್ರ ಬೇಡ. ಮೊದಲು ಆ ಒಬ್ಬರಿಗೆ ಕಳಿಸಿ. ಆಮೇಲೆ ಕಳಿಸಿದ ಮೇಲನ್ನು ತೆರೆದು ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿ.

ನಾನು ಒಮ್ಮೆ ನೀವು ಕೇಳಿದ ಹಾಗೇ ಮಾಡಿದ್ದೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಗ್ರಾಹಕರಿಗೆ ಹಳೆಯ ಲೆಕ್ಕದ ಫೈಲ್ ಕಳಿಸಿಬಿಟ್ಟಿದ್ದರು. ನಾನು ಮೆತ್ತಗೆ ನಾಲ್ಕು ಸಾಲು ಬರೆದು, ಮ್ಯಾನೇಜರನ್ನು ಬಿಸಿಸಿಯಲ್ಲಿ ಇಟ್ಟೆ. ಅವರು ಫೋನಿನಲ್ಲಿ ಓದಿದರು. ತಾವು ಬಿಸಿಸಿಯಲ್ಲಿ ಇರುವುದನ್ನು ಗಮನಿಸಲಿಲ್ಲ. ರಿಪ್ಲೈ ಆಲ್ ಒತ್ತಿ, "ಇದು ಎರಡನೇ ಸಲ ಅಲ್ವಾ?" ಎಂದು ಬರೆದರು. ಅದು ನೇರವಾಗಿ ತಪ್ಪು ಮಾಡಿದವರ ಇನ್‌ಬಾಕ್ಸಿಗೇ ಹೋಯಿತು. ಆ ಸಾಲಿಗಿಂತ, ನಾನು ಅವರಿಗೆ ಹೇಳದೆ ಇನ್ನೊಬ್ಬರಿಗೆ ತೋರಿಸಿದ್ದೇ ಅವರಿಗೆ ಜಾಸ್ತಿ ನೋವಾಯಿತು. ಅವರು ನನ್ನ ಜೊತೆ ಮೊದಲಿನಂತೆ ಮಾತಾಡಲು ತಿಂಗಳುಗಳೇ ಹಿಡಿದವು.

ಬಿಸಿಸಿ ಹೆಸರನ್ನು ಮರೆಮಾಡುತ್ತದೆ, ಅಷ್ಟೇ. ಬಿಸಿಸಿಯಲ್ಲಿ ಇರುವವರಿಗೆ ಟು, ಸಿಸಿ ಎರಡೂ ಕಾಣುತ್ತವೆ. ಅವರು ರಿಪ್ಲೈ ಆಲ್ ಒತ್ತಿದರೆ ಉತ್ತರ ಎಲ್ಲರಿಗೂ ಹೋಗುತ್ತದೆ, ಗುಟ್ಟು ಆಗಲೇ ಬಯಲು. ಉಲ್ಟಾ ಕಡೆಯಿಂದ ಮಾತ್ರ ಹೀಗಾಗುವುದಿಲ್ಲ. ಟು ಸಾಲಿನವರು ರಿಪ್ಲೈ ಆಲ್ ಒತ್ತಿದರೂ ಬಿಸಿಸಿಯವರಿಗೆ ಏನೂ ತಲುಪುವುದಿಲ್ಲ. ಅಂದರೆ ಮುಂದಿನ ಮಾತುಕತೆ ಮ್ಯಾನೇಜರ್‌ಗೆ ಸಿಗುವುದೂ ಇಲ್ಲ. ಫಾರ್ವರ್ಡ್ ಮಾಡಿದರೆ ಅದು ಬೇರೆಯೇ ಮೇಲ್. ಅದರಲ್ಲಿ ನೀವು, ಅವರು ಇಬ್ಬರೇ. ಅವರು ಯಾವ ಬಟನ್ ಒತ್ತಿದರೂ ಉತ್ತರ ನಿಮಗೇ ಬರುತ್ತದೆ.

ಮ್ಯಾನೇಜರ್ ಈ ವಿಷಯದಲ್ಲಿ ಇರಲೇಬೇಕು ಅನ್ನಿಸಿದರೆ ಸಿಸಿ ಹಾಕಿ, ಮೊದಲ ಸಾಲಿನಲ್ಲೇ ಹಾಗೆಂದು ತಿಳಿಸಿ. ಕೆಲಸ ಯಾರು ಮಾಡಬೇಕೋ ಅವರಷ್ಟೇ ಟು ಸಾಲಿನಲ್ಲಿರಲಿ.

ಬಿಸಿಸಿ ಕೆಲಸಕ್ಕೆ ಬರುವುದು ಒಬ್ಬರಿಗೊಬ್ಬರು ಪರಿಚಯವಿಲ್ಲದ ಹಲವರಿಗೆ ಒಂದೇ ಸೂಚನೆ ಕಳಿಸುವಾಗ. ಟು ಸಾಲಿನಲ್ಲಿ ನಿಮ್ಮದೇ ವಿಳಾಸ ಹಾಕಿ. ಆಗ ಯಾರೇ ರಿಪ್ಲೈ ಆಲ್ ಒತ್ತಿದರೂ ನಿಮಗೆ ಮಾತ್ರ ಬರುತ್ತದೆ. ಆದರೆ ಪಟ್ಟಿಯಲ್ಲಿ ಯಾರಿದ್ದಾರೆ ಅನ್ನುವುದೇ ಗುಟ್ಟಾಗಿರಬೇಕಾದರೆ, ಉದಾಹರಣೆಗೆ ಒಂದೇ ಕಾಯಿಲೆಯ ರೋಗಿಗಳಾದರೆ, ಬಿಸಿಸಿಯನ್ನೂ ನಂಬಬೇಡಿ. ಕೈತಪ್ಪಿ ವಿಳಾಸಗಳು ಸಿಸಿ ಸಾಲಿಗೆ ಬಿದ್ದರೆ ಎಲ್ಲರ ಹೆಸರೂ ಎಲ್ಲರಿಗೂ ಕಾಣುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್ ಹೋಗಲಿ.

ಇಂಥ ಮೇಲನ್ನು ಹಳೆಯ ಮೇಲಿಗೆ ರಿಪ್ಲೈ ಆಗಿ ಬರೆಯಬೇಡಿ, ಹೊಸದಾಗಿ ಶುರುಮಾಡಿ. ವಿಳಾಸವನ್ನು ಕೊನೆಗೆ ತುಂಬಿ, ಎರಡಕ್ಷರ ಟೈಪಿಸಿದ ಕೂಡಲೇ ತಾನಾಗಿ ಬರುವ ಹೆಸರನ್ನು ಪೂರ್ತಿ ಓದಿ. ಜಿಮೇಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ `Undo Send` ಅನ್ನು 30 ಸೆಕೆಂಡಿಗೆ ಏರಿಸಿಡಿ. ಸುಮ್ನೆ ಬಿಟ್ಟರೆ 5 ಸೆಕೆಂಡೇ ಇರುತ್ತದೆ, ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಅದು ಮುಗಿದಿರುತ್ತದೆ.