ಕಂಪ್ರೆಸರ್ ಓಡುತ್ತದೆ, ಹಾಲು ಒಡೆಯುತ್ತದೆ: ಗ್ಯಾಸೋ, ಥರ್ಮೋಸ್ಟಾಟೋ?

ನಾವು ಹಾವೇರಿಯವರು. ಒಂದೇ ಬಾಗಿಲಿನ ಫ್ರಿಜ್. ಕಂಪ್ರೆಸರ್ ಓಡುತ್ತದೆ, ಆದರೆ ಹಾಲು ಸಂಜೆಗೆ ಒಡೆಯುತ್ತದೆ. ಒಬ್ಬರು ಗ್ಯಾಸ್ ಸೋರಿದೆ ಎನ್ನುತ್ತಾರೆ, ಇನ್ನೊಬ್ಬರು ಥರ್ಮೋಸ್ಟಾಟ್ ಬದಲಿಸಿ ಎನ್ನುತ್ತಾರೆ. ಯಾರನ್ನು ನಂಬಬೇಕು?

ಹುಬ್ಬಳ್ಳಿಯಲ್ಲಿ ಫ್ರಿಜ್ ರಿಪೇರಿ ನನ್ನ ಕಸುಬು. ಕಂಪ್ರೆಸರ್ ನೀವು ನೋಡಿದಾಗಲೆಲ್ಲ ಓಡುತ್ತಿತ್ತೋ, ಅಥವಾ ನಿಲ್ಲುವುದೇ ಇಲ್ಲವೋ? ಅರ್ಧ ಉತ್ತರ ಅಲ್ಲೇ ಇದೆ. ಥರ್ಮೋಸ್ಟಾಟ್ ಬರೀ ಒಂದು ಸ್ವಿಚ್. ಅದು ಕೆಟ್ಟು ಬೇಗನೆ ಕಟ್ ಆಗುತ್ತಿದ್ದರೆ ತಂಪು ಸಾಲುವುದಿಲ್ಲ ನಿಜ, ಆದರೆ ಆಗ ಕಂಪ್ರೆಸರ್ ಬಹಳ ಹೊತ್ತು ಸುಮ್ಮನಿರುತ್ತದೆ. ಕಟ್ ಆಗದೆ ಅಂಟಿಕೊಂಡರೆ ಸೊಪ್ಪು, ಟೊಮೆಟೊ ಕೂಡ ಮಂಜುಗಟ್ಟುತ್ತವೆ. ಹಗಲುರಾತ್ರಿ ಓಡಿಯೂ ತಂಪಾಗದಿದ್ದರೆ ತಪ್ಪು ಸ್ವಿಚ್ಚಿನದಲ್ಲ.

ಖಚಿತಪಡಿಸಿಕೊಳ್ಳಲು ಫ್ರೀಜರಿನ ಮಂಜನ್ನೆಲ್ಲ ಕರಗಿಸಿ ಒರೆಸಿ. ಗುಂಡಿಯನ್ನು ಅತಿ ಹೆಚ್ಚಿನ ತಂಪಿಗೆ ತಿರುಗಿಸಿ, ಬಾಗಿಲು ಮುಚ್ಚಿ ಎರಡು ಮೂರು ತಾಸು ಬಿಡಿ. ಆಮೇಲೆ ಮಂಜು ಎಲ್ಲಿ ಕೂತಿದೆ ನೋಡಿ. ಎಲ್ಲ ಗೋಡೆಗಳ ಮೇಲೂ ಸಮನಾಗಿ ಕೂತಿದ್ದರೆ ಗ್ಯಾಸ್ ಸರಿಯಾಗಿದೆ. ಒಂದು ಮೂಲೆಯಲ್ಲಿ ಮಾತ್ರ ಮಂಜು, ಉಳಿದ ತಗಡು ಬೋಳು ಎಂದಾದರೆ ಗ್ಯಾಸ್ ಕಡಿಮೆಯಾಗಿರುವ ಸಂಶಯ ಬಲವಾಗುತ್ತದೆ: ಇರುವ ಸ್ವಲ್ಪ ದ್ರವ ಕೊಳವೆಯ ಆರಂಭದಲ್ಲೇ ಆವಿಯಾಗಿಬಿಡುತ್ತದೆ, ಮುಂದಿನ ಸುರುಳಿಗೆ ತಂಪು ತಲುಪುವುದಿಲ್ಲ. ಹಿಂಬದಿಯ ಜಾಲರಿಯನ್ನೂ ಮುಟ್ಟಿ ನೋಡಿ (ನಿಮ್ಮ ಮಾದರಿಯಲ್ಲಿ ಅದು ಪಕ್ಕದ ಗೋಡೆಯೊಳಗೆ ಇರಬಹುದು). ಕಂಪ್ರೆಸರ್ ಸುಡುವಂತಿದ್ದು ಜಾಲರಿ ಹೆಚ್ಚುಕಡಿಮೆ ತಣ್ಣಗಿದ್ದರೆ ಸಂಶಯ ಇನ್ನೂ ಗಟ್ಟಿ.

ಕೇಶ್ವಾಪುರದ ಒಂದು ಮನೆಯಲ್ಲಿ ಆಗಲೇ ಹೊಸ ಥರ್ಮೋಸ್ಟಾಟ್ ಹಾಕಿಸಿದ್ದರು, ಫಲವಿರಲಿಲ್ಲ. ಫ್ರೀಜರಿನ ಎಡಮೂಲೆಯಲ್ಲಿ ಅಂಗೈಯಗಲ ಮಂಜು, ಅಷ್ಟೇ. ‘ಐಸ್ ಕೆರೆದಿದ್ದೀರಾ?’ ಎಂದೆ. ಮನೆಯೊಡತಿ ನಕ್ಕು ಚಾಕು ತೋರಿಸಿದರು. ತಗಡಿನಲ್ಲಿ ಸೂಜಿಮೊನೆಯಷ್ಟು ತೂತು. ಫ್ರಿಜ್ ಓಡುತ್ತಿದ್ದಾಗ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಬರಲೇ ಇಲ್ಲ, ಏಕೆಂದರೆ ಓಡುವಾಗ ಆ ಭಾಗದ ಒತ್ತಡ ಕುಸಿದು ಹೊರಗಿನ ಗಾಳಿಯೇ ಒಳಗೆ ಎಳೆಯಲ್ಪಡಬಹುದು. ಫ್ರಿಜ್ ನಿಲ್ಲಿಸಿ ನೈಟ್ರೋಜನ್ ತುಂಬಿದ ಮೇಲೆ ಗುಳ್ಳೆ ಎದ್ದಿತು.

ಒಂದು ಎಚ್ಚರಿಕೆ. ಫ್ರೀಜರಿಗೆ ದ್ರವ ಒಯ್ಯುವ ಸಣ್ಣ ಕ್ಯಾಪಿಲರಿ ಕೊಳವೆ ಕಟ್ಟಿಕೊಂಡರೂ ಮಂಜು ಹೀಗೆಯೇ ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಸೋರಿಕೆಯ ಜಾಗ ತೋರಿಸದೆ ‘ಗ್ಯಾಸ್ ತುಂಬುತ್ತೇನೆ’ ಎನ್ನುವವರಿಗೆ ಒಪ್ಪಬೇಡಿ. ತೂತು ಮುಚ್ಚದೆ ತುಂಬಿದ ಗ್ಯಾಸ್ ಮತ್ತೆ ಹೊರಗೇ ಹೋಗುತ್ತದೆ. ಫ್ರಿಜ್ಜಿನ ಚೀಟಿಯಲ್ಲಿ R600a ಎಂದಿದ್ದರೆ ಅದು ಹೊತ್ತಿಕೊಳ್ಳುವ ಅನಿಲ. ಒಳಗೆ ಅನಿಲ ಇರುವಾಗಲೇ ರಿಪೇರಿಯವರು ಕೊಳವೆಗೆ ಬೆಂಕಿ ತಾಗಿಸಿ ಬೆಸುಗೆಗೆ ಕೂತರೆ, ಅವರನ್ನು ಅಲ್ಲೇ ತಡೆಯಿರಿ.